ಸ್ವಿಂಗ್ ಬೌಲಿಂಗ್: ಸೀಮ್ ಎತ್ತ, ಹೊಳಪು ಎತ್ತ? ಪದೇ ಪದೇ ಕೇಳುವ ಪ್ರಶ್ನೆಗಳು

ಓದುವ ಮುಂಚೆ ಒಂದು ಮಾತು. ಬೇರೆ ಹೇಳದಿದ್ದರೆ ಇಲ್ಲಿ ಬೌಲರ್ ಬಲಗೈಯವರು, ಬ್ಯಾಟರ್ ಕೂಡ ಬಲಗೈಯವರು. ಎಡ, ಬಲ ಅಂದಾಗಲೆಲ್ಲ ಅದು ಬೌಲರ್ ಕಣ್ಣಿಗೆ ಕಾಣುವ ಎಡ, ಬಲ. ಅಂದರೆ ಸ್ಲಿಪ್ ಫೀಲ್ಡರ್‌ಗಳು ಎಡಕ್ಕೆ, ಫೈನ್ ಲೆಗ್ ಬಲಕ್ಕೆ. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಸ್ವಿಂಗ್ ಅಂದರೆ ಯಾವುದು? ಪಿಚ್‌ಗೆ ಬಿದ್ದ ಮೇಲೆ ಚೆಂಡು ತಿರುಗಿದರೆ ಅದೂ ಸ್ವಿಂಗೇನಾ?

ಅಲ್ಲ. ಚೆಂಡು ಗಾಳಿಯಲ್ಲಿ ಇರುವಾಗಲೇ ಪಕ್ಕಕ್ಕೆ ಬಾಗಿದರೆ ಅದು ಸ್ವಿಂಗ್. ಸೀಮ್ ಅಂದರೆ ಚೆಂಡಿನ ನಡುವೆ ಸುತ್ತ ಇರುವ ಉಬ್ಬಿದ ಹೊಲಿಗೆ. ಅದು ನೆಲಕ್ಕೆ ತಾಗಿ ಚೆಂಡು ಅಲ್ಲಿಂದ ದಿಕ್ಕು ಬದಲಿಸಿದರೆ ಅದು ಸೀಮ್ ಮೂವ್‌ಮೆಂಟ್. ಟಿವಿಯಲ್ಲಿ ನೋಡುವಾಗ ಎರಡೂ ಕಲಸಿಹೋಗುತ್ತವೆ. ಬೌಲರ್ ಹಿಂದಿನ ಕ್ಯಾಮೆರಾದಲ್ಲಿ ಚೆಂಡಿನ ದಾರಿ ಬಿಲ್ಲಿನ ಹಾಗೆ ಬಾಗಿದ್ದರೆ ಸ್ವಿಂಗ್. ನೇರ ಹೋಗಿ, ಬಿದ್ದ ಜಾಗದಲ್ಲಿ ಮುರಿದಂತೆ ಕಂಡರೆ ಸೀಮ್.

ಔಟ್‌ಸ್ವಿಂಗ್, ಇನ್‌ಸ್ವಿಂಗ್ ಅನ್ನೋದು ಬೌಲರ್ ಲೆಕ್ಕದಲ್ಲೋ, ಬ್ಯಾಟರ್ ಲೆಕ್ಕದಲ್ಲೋ?

ಬ್ಯಾಟರ್ ಲೆಕ್ಕದಲ್ಲಿ. ಚೆಂಡು ಬ್ಯಾಟರ್‌ನಿಂದ ದೂರ, ಸ್ಲಿಪ್ ಕಡೆಗೆ ಬಾಗಿದರೆ ಔಟ್‌ಸ್ವಿಂಗ್. ಕಾಲಿನ ಕಡೆಗೆ, ಒಳಕ್ಕೆ ಬಾಗಿದರೆ ಇನ್‌ಸ್ವಿಂಗ್.

ಇದನ್ನು ತೋರಿಸೋಕೆ 2006ರ ಜನವರಿಯಲ್ಲಿ ಕರಾಚಿಯಲ್ಲಿ ನಡೆದ ಟೆಸ್ಟ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಎಡಗೈ ಬೌಲರ್ ಇರ್ಫಾನ್ ಪಠಾಣ್ ಪಂದ್ಯದ ಮೊದಲ ಓವರ್‌ನ ಕೊನೆಯ ಮೂರು ಎಸೆತಗಳಲ್ಲಿ ಹ್ಯಾಟ್ರಿಕ್ ತೆಗೆದರು. ಮೊದಲು ಹೋದದ್ದು ಎಡಗೈ ಬ್ಯಾಟರ್ ಸಲ್ಮಾನ್ ಬಟ್. ಸ್ಲಿಪ್‌ನಲ್ಲಿ ರಾಹುಲ್ ದ್ರಾವಿಡ್‌ಗೆ ಕ್ಯಾಚ್. ಆಮೇಲೆ ಬಂದ ಯೂನಿಸ್ ಖಾನ್ ಬಲಗೈಯವರು, ಎಲ್‌ಬಿಡಬ್ಲ್ಯೂ. ಅವರ ನಂತರ ಮೊಹಮ್ಮದ್ ಯೂಸುಫ್, ಅವರೂ ಬಲಗೈ, ಬೌಲ್ಡ್.

ಚೆಂಡು ಬಾಗಿದ್ದು ಒಂದೇ ಕಡೆಗೆ, ಬೌಲರ್‌ನ ಬಲಕ್ಕೆ. ಎಡಗೈಯ ಬಟ್‌ಗೆ ಅದು ಹೊರಗೆ ಹೋಗುವ ಚೆಂಡಾಯಿತು, ಬ್ಯಾಟಿನ ಅಂಚಿಗೆ ತಾಗಿ ಸ್ಲಿಪ್‌ಗೆ ಹೋಯಿತು. ಬಲಗೈಯ ಇಬ್ಬರಿಗೆ ಅದೇ ಇನ್‌ಸ್ವಿಂಗ್ ಆಗಿ ಪ್ಯಾಡ್ ಮತ್ತು ಸ್ಟಂಪ್ಸ್ ಹುಡುಕಿಕೊಂಡು ಬಂತು. ಆ ಪಂದ್ಯವನ್ನು ಭಾರತ 341 ರನ್‌ಗಳಿಂದ ಸೋತಿತು ಅನ್ನೋದು ಬೇರೆ ಮಾತು.

ಸೀಮ್ ವಾಲಿಸಿದ ಮಾತ್ರಕ್ಕೆ ಗಾಳಿ ಚೆಂಡನ್ನು ಪಕ್ಕಕ್ಕೆ ಯಾಕೆ ತಳ್ಳುತ್ತದೆ?

ಇಡೀ ವಿಷಯದ ತಿರುಳು ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಚೆಂಡು ಹೋಗುವಾಗ ಅದರ ಮೈಗೆ ಒಂದು ತೆಳುವಾದ ಗಾಳಿಯ ಪದರ ಅಂಟಿಕೊಂಡೇ ಹರಿಯುತ್ತದೆ. ಈ ಪದರ ಮುಂಭಾಗದಿಂದ ಹೊರಟು ಪಕ್ಕಗಳ ಮೇಲೆ ಹಾದು, ಹಿಂದೆ ಎಲ್ಲೋ ಒಂದು ಕಡೆ ಮೈ ಬಿಟ್ಟು ಕಳಚಿಕೊಳ್ಳುತ್ತದೆ. ಎಲ್ಲಿ ಕಳಚಿಕೊಳ್ಳುತ್ತದೆ ಅನ್ನೋದೇ ಮುಖ್ಯ.

ಪದರ ನಯವಾಗಿ, ಸದ್ದಿಲ್ಲದೆ ಹರಿಯುತ್ತಿದ್ದರೆ ಬೇಗ ಕಳಚಿಕೊಳ್ಳುತ್ತದೆ. ಚೆಂಡಿನ ಮೂತಿಯಿಂದ ಅಳೆದರೆ ಸುಮಾರು 80ರಿಂದ 90 ಡಿಗ್ರಿ ಹತ್ತಿರ, ಅಂದರೆ ಹೆಚ್ಚುಕಡಿಮೆ ಚೆಂಡಿನ ಅತಿ ಅಗಲವಾದ ಜಾಗದಲ್ಲೇ. ಅದೇ ಪದರ ಕದಡಿಹೋಗಿದ್ದರೆ ಮೈಯನ್ನು ಇನ್ನಷ್ಟು ಹೊತ್ತು ಹಿಡಿದುಕೊಂಡಿರುತ್ತದೆ. ಸುಮಾರು 120 ಡಿಗ್ರಿವರೆಗೆ, ಚೆಂಡಿನ ಹಿಂಬದಿಗೆ ಹೋಗಿ ಬಿಡುತ್ತದೆ. ಕದಡಿದ ಗಾಳಿ ಬೇಗ ಬಿಡಬೇಕಿತ್ತು ಅಂತ ಅನಿಸುತ್ತದೆ, ಅಲ್ವಾ? ಆಗುವುದು ಉಲ್ಟಾ. ಕದಡಿದಾಗ ಹೊರಗಿನ ವೇಗದ ಗಾಳಿ ಒಳಗಿನ ನಿಧಾನದ ಗಾಳಿಯ ಜೊತೆ ಬೆರೆಯುತ್ತದೆ. ಅದರಿಂದ ಪದರಕ್ಕೆ ಕಸುವು ಬರುತ್ತದೆ, ಮೈ ಬಿಡದೆ ಮುಂದೆ ಸಾಗುತ್ತದೆ.

ಈಗ ಸೀಮ್‌ನ ಮೂತಿಯನ್ನು ಎಡಕ್ಕೆ, ಸ್ಲಿಪ್ ಕಡೆಗೆ ವಾಲಿಸಿ ಚೆಂಡು ಬಿಡಿ. ಎಡಪಕ್ಕದಲ್ಲಿ ಹರಿಯುವ ಗಾಳಿ ದಾರಿಯಲ್ಲಿ ಸೀಮ್‌ನ ಉಬ್ಬನ್ನು ದಾಟಬೇಕು. ದಾಟುವಾಗ ಎಡವಿ ಕದಡಿಹೋಗುತ್ತದೆ. ಬಲಪಕ್ಕದ ಗಾಳಿಗೆ ಅಂಥ ಅಡ್ಡಿ ಇಲ್ಲ, ಅದು ನಯವಾಗೇ ಹರಿಯುತ್ತದೆ. ಹಾಗಾಗಿ ಬಲಗಡೆ ಗಾಳಿ ಬೇಗ ಕಳಚಿಕೊಳ್ಳುತ್ತದೆ, ಎಡಗಡೆ ತಡವಾಗಿ. ಎಡಗಡೆಯ ಗಾಳಿ ಚೆಂಡಿನ ಬೆನ್ನನ್ನು ಸುತ್ತಿಕೊಂಡು ಹೋಗುವುದರಿಂದ ಹಿಂದೆ ಬಿಟ್ಟುಹೋಗುವ ಗಾಳಿಯೆಲ್ಲ ಬಲಕ್ಕೆ ವಾಲುತ್ತದೆ. ಗಾಳಿ ಬಲಕ್ಕೆ ತಳ್ಳಲ್ಪಟ್ಟರೆ ಚೆಂಡು ಎಡಕ್ಕೆ ಹೋಗಲೇಬೇಕು. ಒತ್ತಡದ ಲೆಕ್ಕದಲ್ಲಿ ಹೇಳುವುದಾದರೆ ಎಡಪಕ್ಕದಲ್ಲಿ ಒತ್ತಡ ಕಡಿಮೆ, ಬಲಪಕ್ಕದಲ್ಲಿ ಜಾಸ್ತಿ.

ಹೀಗೆ ಸೀಮ್ ಎತ್ತ ನೋಡುತ್ತದೋ ಚೆಂಡು ಅತ್ತ ಬಾಗುತ್ತದೆ. ಸ್ಲಿಪ್ ಕಡೆ ನೋಡಿದರೆ ಔಟ್‌ಸ್ವಿಂಗ್, ಫೈನ್ ಲೆಗ್ ಕಡೆ ನೋಡಿದರೆ ಇನ್‌ಸ್ವಿಂಗ್. ಇದನ್ನೆಲ್ಲ ಗಾಳಿ ಸುರಂಗದಲ್ಲಿಟ್ಟು ಅಳೆದು ತೋರಿಸಿದವರಲ್ಲಿ ದೊಡ್ಡ ಹೆಸರು ನಾಸಾದಲ್ಲಿ ಕೆಲಸ ಮಾಡಿದ ವಿಜ್ಞಾನಿ ರಬೀಂದ್ರ ಮೆಹ್ತಾ ಅವರದು.

ಎಲ್ಲ ಕೆಲಸ ಸೀಮೇ ಮಾಡುವುದಾದರೆ ಹೊಳಪು ಯಾಕೆ ಬೇಕು?

ಹೊಚ್ಚ ಹೊಸ ಚೆಂಡಿನಲ್ಲಿ ಎರಡೂ ಪಕ್ಕ ಒಂದೇ ಥರ ಹೊಳೆಯುತ್ತವೆ. ಆದರೂ ಮೊದಲ ಓವರ್‌ನಲ್ಲೇ ಸ್ವಿಂಗ್ ಆಗುತ್ತದೆ. ಹೊಳಪಿನ ವ್ಯತ್ಯಾಸವೇ ಕಾರಣ ಅನ್ನುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಇರ್ಫಾನ್ ಹ್ಯಾಟ್ರಿಕ್ ತೆಗೆದ ಚೆಂಡು ಆರು ಎಸೆತ ಹಳೆಯದು, ಅಷ್ಟೇ.

ಹೊಳಪಿನ ಕೆಲಸ ಏನಿದ್ದರೂ ಕಾವಲು ಕಾಯುವುದು. ಸೀಮ್ ಇಲ್ಲದ ಪಕ್ಕದಲ್ಲಿ ಗಾಳಿ ನಯವಾಗಿ ಹರಿಯುತ್ತಲೇ ಇರಬೇಕು. ಆ ಪಕ್ಕ ಗೀರು ಬಿದ್ದು ಒರಟಾದರೆ ಅಲ್ಲೂ ಗಾಳಿ ಕದಡುತ್ತದೆ. ಎರಡೂ ಪಕ್ಕ ಕದಡಿದ ಮೇಲೆ ವ್ಯತ್ಯಾಸ ಎಲ್ಲಿಂದ ಬರಬೇಕು? ಚೆಂಡು ಸುಮ್ನೆ ನೇರ ಹೋಗುತ್ತದೆ. ಅದಕ್ಕೇ ಫೀಲ್ಡಿಂಗ್ ತಂಡ ಒಂದು ಪಕ್ಕವನ್ನು ಮಾತ್ರ ಆರಿಸಿಕೊಂಡು ಉಜ್ಜುತ್ತದೆ, ಇನ್ನೊಂದನ್ನು ಅದರ ಪಾಡಿಗೆ ಬಿಡುತ್ತದೆ.

ಒರಟಾದ ಇನ್ನೊಂದು ಪಕ್ಕ ಸೀಮ್‌ಗೆ ಸಹಾಯವನ್ನೂ ಮಾಡುತ್ತದೆ. ಸೀಮ್ ಸವೆದು ಚಪ್ಪಟೆಯಾದಾಗ ಅದರಿಂದ ಗಾಳಿ ಪೂರ್ತಿ ಕದಡುವುದಿಲ್ಲ. ಆಗ ಒರಟು ತೊಗಲು ಉಳಿದ ಕೆಲಸ ಮುಗಿಸುತ್ತದೆ. ಅಂದರೆ ಮೊದಲ ಕೆಲವು ಓವರ್ ಸೀಮ್‌ನದೇ ಆಟ, ಆಮೇಲಾಮೇಲೆ ಸೀಮ್ ಮತ್ತು ಹೊಳಪು ಕೂಡಿ ಆಡುವ ಆಟ.

ಹೊಳಪು ಯಾವ ಕಡೆ ಇರಬೇಕು? ನನಗೆ ಯಾವಾಗಲೂ ಗೊಂದಲ.

ಚೆಂಡು ಹೋಗಬೇಕಾದ ಕಡೆಗೆ ಸೀಮ್‌ನ ಮೂತಿ ಮತ್ತು ಒರಟು ಪಕ್ಕ. ಅದರ ವಿರುದ್ಧ ಕಡೆಗೆ ಹೊಳಪು. ಔಟ್‌ಸ್ವಿಂಗ್‌ಗೆ ಹೊಳಪು ನಿಮ್ಮ ಬಲಕ್ಕೆ, ಇನ್‌ಸ್ವಿಂಗ್‌ಗೆ ಎಡಕ್ಕೆ. ಎಡಗೈ ಬೌಲರ್‌ಗೂ ಇದೇ ಲೆಕ್ಕ, ಗಾಳಿಗೆ ಯಾವ ಕೈ ಅಂತ ಗೊತ್ತಾಗುವುದಿಲ್ಲ.

ಒಳ್ಳೆಯ ಬ್ಯಾಟರ್‌ಗಳಿಗೂ ಈ ಲೆಕ್ಕ ಗೊತ್ತು. ಬೌಲರ್ ಓಡಿಬರುವಾಗ ಹೊಳಪು ಯಾವ ಕಡೆ ಇದೆ ಅಂತ ನೋಡಿಟ್ಟುಕೊಳ್ಳುತ್ತಾರೆ. ಕೆಲವು ಬೌಲರ್‌ಗಳು ಇನ್ನೊಂದು ಕೈಯಿಂದ ಚೆಂಡು ಮುಚ್ಚಿಕೊಂಡು ಓಡುವುದು ಇದಕ್ಕೇ.

ಸೀಮ್ ಎಷ್ಟು ವಾಲಿಸಬೇಕು?

ಕಡಿಮೆಯೇ. ಪ್ರಯೋಗಗಳಲ್ಲಿ ಸುಮಾರು 20 ಡಿಗ್ರಿ ವಾಲಿದಾಗ ಒಳ್ಳೆಯ ಸ್ವಿಂಗ್ ಸಿಕ್ಕಿದೆ. ಮೈದಾನದಲ್ಲಿ ಡಿಗ್ರಿ ಅಳೆಯೋಕೆ ಆಗಲ್ಲ. ಔಟ್‌ಸ್ವಿಂಗ್‌ಗೆ ಸೀಮ್ ಮೊದಲ ಅಥವಾ ಎರಡನೇ ಸ್ಲಿಪ್ ಕಡೆ ನೋಡಲಿ, ಇನ್‌ಸ್ವಿಂಗ್‌ಗೆ ಲೆಗ್ ಸ್ಲಿಪ್ ಕಡೆ. ಕಣ್ಣಳತೆಗೆ ಇಷ್ಟು ಸಾಕು.

ಜಾಸ್ತಿ ಸ್ವಿಂಗ್ ಬೇಕು ಅಂತ ಗಲ್ಲಿ ಕಡೆಗೆ ತಿರುಗಿಸಿಟ್ಟರೆ ಎರಡು ತೊಂದರೆ. ಒಂದು, ಬೆರಳುಗಳು ಸೀಮ್‌ನ ಹಿಂದೆ ಸರಿಯಾಗಿ ಕೂರುವುದಿಲ್ಲ, ಚೆಂಡು ಓಲಾಡುತ್ತದೆ. ಎರಡು, ಪಿಚ್‌ಗೆ ಬಿದ್ದಾಗ ಚೆಂಡು ವೇಗ ಕಳೆದುಕೊಳ್ಳುತ್ತದೆ.

ಚೆಂಡನ್ನು ಹಿಡಿಯುವುದು, ಬಿಡುವುದು ಹೇಗೆ?

ಔಟ್‌ಸ್ವಿಂಗ್‌ನಿಂದ ಶುರು ಮಾಡೋಣ. ಸೀಮ್ ನೆಟ್ಟಗೆ ನಿಲ್ಲುವಂತೆ ಚೆಂಡು ಹಿಡಿದು, ತೋರುಬೆರಳು ಮತ್ತು ನಡುಬೆರಳನ್ನು ಸೀಮ್‌ನ ಎರಡು ಪಕ್ಕಕ್ಕೆ ಇಡಿ. ಎರಡೂ ಹತ್ತಿರ ಹತ್ತಿರ ಇರಲಿ. ಹೆಬ್ಬೆರಳಿನ ಪಕ್ಕದ ಅಂಚು ಕೆಳಗಡೆ ಸೀಮ್‌ಗೆ ತಾಗಿರಲಿ. ಉಂಗುರಬೆರಳು ಮಡಚಿಕೊಂಡು ಪಕ್ಕಕ್ಕೆ ಆನಿಕೊಂಡಿರುತ್ತದೆ. ಅಂಗೈಗೂ ಚೆಂಡಿಗೂ ನಡುವೆ ಜಾಗ ಕಾಣಬೇಕು. ಚೆಂಡು ಅಂಗೈಗೆ ಒತ್ತಿಕೊಂಡಿದ್ದರೆ ಬಿಡುವಾಗ ಬೆರಳ ತುದಿಗೆ ಕೆಲಸವೇ ಇರುವುದಿಲ್ಲ.

ಬಿಡುವ ಹೊತ್ತಿಗೆ ಮಣಿಕಟ್ಟು ಚೆಂಡಿನ ಹಿಂದೆ ಇರಬೇಕು, ಪಕ್ಕಕ್ಕಲ್ಲ. ಕೈ ಮುಂದೆ ಬರುತ್ತಾ ಎರಡು ಬೆರಳುಗಳು ಚೆಂಡಿನ ಬೆನ್ನನ್ನು ಮೇಲಿಂದ ಕೆಳಕ್ಕೆ ಸವರಿಕೊಂಡು ಕಳಚಬೇಕು. ಆಗ ಚೆಂಡು ಹಿಮ್ಮುಖವಾಗಿ ಸುತ್ತುತ್ತದೆ. ಈ ಸುತ್ತು ಸ್ವಿಂಗ್ ಬೌಲಿಂಗ್‌ನ ಜೀವ. ಸುತ್ತುವ ಬುಗುರಿ ಬೀಳದೆ ನೆಟ್ಟಗೆ ನಿಲ್ಲುವ ಹಾಗೆ, ಸೀಮ್‌ನ ಗುಂಟ ಹಿಮ್ಮುಖವಾಗಿ ಸುತ್ತುವ ಚೆಂಡಿನ ಸೀಮ್ ವಾಲಿಸಿದ ಕೋನದಲ್ಲೇ ನಿಲ್ಲುತ್ತದೆ. ಸುತ್ತದೆ ಹೋದ ಚೆಂಡಿನ ಸೀಮ್ ಗಾಳಿಯಲ್ಲಿ ಓಲಾಡುತ್ತದೆ. ಆಗ ಒಮ್ಮೆ ಎಡಪಕ್ಕದ ಗಾಳಿ ಕದಡುತ್ತದೆ, ಮರುಕ್ಷಣ ಬಲಪಕ್ಕದ್ದು. ಕೊನೆಗೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ.

ಪ್ರಯೋಗಗಳಲ್ಲಿ ಸೆಕೆಂಡಿಗೆ ಸುಮಾರು 11 ಸುತ್ತು ಇದ್ದಾಗ ಚೆನ್ನಾಗಿ ಸ್ವಿಂಗ್ ಆಗಿದೆ. ಬ್ಯಾಟರ್ ತಲುಪುವಷ್ಟರಲ್ಲಿ ಆರು ಸುತ್ತು ಅಂತಿಟ್ಟುಕೊಳ್ಳಿ. ಅಂಥ ದೊಡ್ಡ ಸುತ್ತೇನಲ್ಲ, ಆದರೆ ಅದು ನೇರವಾಗಿ ಸೀಮ್‌ನ ಗುಂಟವೇ ಇರಬೇಕು.

ಇನ್‌ಸ್ವಿಂಗ್‌ಗೆ ಬದಲಾವಣೆ ಚಿಕ್ಕದು. ಸೀಮ್ ಲೆಗ್ ಸ್ಲಿಪ್ ಕಡೆ ವಾಲಲಿ, ಹೊಳಪು ಎಡಕ್ಕೆ ಬರಲಿ. ಹೆಬ್ಬೆರಳಿನ ಅಂಚಿನ ಬದಲು ಅದರ ಮೆತ್ತನೆಯ ಭಾಗ ಸೀಮ್‌ನ ಕೆಳಗೆ ಚಪ್ಪಟೆಯಾಗಿ ಕೂತರೆ ಮಣಿಕಟ್ಟು ತಾನಾಗಿ ಆ ಕಡೆ ತಿರುಗುತ್ತದೆ. ಕೈ ಕಿವಿಯ ಹತ್ತಿರ, ಎತ್ತರದಿಂದ ಬರುವುದು ಇದಕ್ಕೆ ಅನುಕೂಲ. ಔಟ್‌ಸ್ವಿಂಗ್‌ನಲ್ಲಿ ಬೆನ್ನು ಸ್ವಲ್ಪ ಬ್ಯಾಟರ್ ಕಡೆ ತಿರುಗಿಸಿಕೊಂಡು ಬಂದು, ಕೈಯನ್ನು ಎಡಮಂಡಿಯ ಹೊರಗೆ ಮುಗಿಸುವುದು ಹಳೆಯ ಕ್ರಮ.

ಸೀಮ್ ನೆಟ್ಟಗೆ ಹೋಗುತ್ತಿದೆಯೋ ಓಲಾಡುತ್ತಿದೆಯೋ ತಿಳಿಯುವುದು ಹೇಗೆ?

ಹಳೆಯ ಚೆಂಡೊಂದರ ಒಂದು ಅರ್ಧಕ್ಕೆ ಬಿಳಿ ಬಣ್ಣ ಹಚ್ಚಿ. ಇನ್ನೊಂದು ಅರ್ಧ ಕೆಂಪಾಗೇ ಇರಲಿ. ಈಗ ಬೌಲ್ ಮಾಡಿ, ಗೆಳೆಯರೊಬ್ಬರು ಸ್ಟಂಪ್ಸ್ ಹಿಂದೆ ನಿಂತು ನೋಡಲಿ. ಸೀಮ್ ಸ್ಥಿರವಾಗಿದ್ದರೆ ಒಂದು ಕಡೆ ಕೆಂಪು, ಒಂದು ಕಡೆ ಬಿಳಿ, ನಡುವೆ ಗೆರೆ ಸ್ಪಷ್ಟ. ಓಲಾಡುತ್ತಿದ್ದರೆ ಗೆರೆ ಮಸುಕಾಗುತ್ತದೆ. ಪೂರ್ತಿ ಉರುಳುತ್ತಿದ್ದರೆ ಎರಡೂ ಬಣ್ಣ ಕಲಸಿ ಗುಲಾಬಿ ಉಂಡೆಯಂತೆ ಕಾಣುತ್ತದೆ. ಫೋನ್‌ನ ನಿಧಾನಗತಿಯ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಬೌಲರ್‌ನ ಬೆನ್ನ ಹಿಂದೆ ಫೋನ್ ನಿಲ್ಲಿಸಿ, ಬಿಟ್ಟ ನಂತರದ ಮೊದಲ ಕೆಲವು ಮೀಟರ್ ಮಾತ್ರ ನೋಡಿ. ತಪ್ಪಿದ್ದರೆ ಅಲ್ಲೇ ಕಾಣುತ್ತದೆ.

ಓಲಾಟಕ್ಕೆ ಮಾಮೂಲಿ ಕಾರಣ ಒಂದು ಬೆರಳು ಇನ್ನೊಂದಕ್ಕಿಂತ ಮೊದಲೇ ಕಳಚುವುದು. ಜೋರಾಗಿ ಹಾಕುವ ಆಸೆಯಲ್ಲಿ ಚೆಂಡನ್ನು ಬಿಗಿಯಾಗಿ ಹಿಡಿದರೆ ಹೀಗಾಗುತ್ತದೆ. ಇನ್ನೊಂದು, ಪಕ್ಕದಿಂದ ಕೊಯ್ದ ಹಾಗೆ ಬಿಡುವುದು. ಆಗ ಸುತ್ತು ಸೀಮ್‌ನ ಗುಂಟ ಇರದೆ ಅಡ್ಡಕ್ಕೆ ಆಗುತ್ತದೆ, ಸ್ವಿಂಗ್ ಬದಲು ಪಿಚ್‌ಗೆ ಬಿದ್ದ ಮೇಲೆ ತಿರುಗುವ ಕಟರ್ ಬರುತ್ತದೆ. ಓಡದೆ, ನಿಂತಲ್ಲೇ, ಹತ್ತು ಮೀಟರ್ ದೂರದ ಗೆಳೆಯರಿಗೆ ಮಣಿಕಟ್ಟಿನಿಂದಷ್ಟೇ ಎಸೆದು ಮೊದಲು ಸೀಮ್ ನಿಲ್ಲಿಸುವುದನ್ನು ಕಲಿಯುವುದು ಒಳ್ಳೆಯದು.

ಈಗ ಕೆಲವರು ಬೇಕಂತಲೇ ಓಲಾಡಿಸುತ್ತಾರೆ, ಅದಕ್ಕೆ ವಾಬಲ್ ಸೀಮ್ ಅಂತ ಹೆಸರು. ಜೇಮ್ಸ್ ಆ್ಯಂಡರ್ಸನ್ ಅದನ್ನು ಚೆನ್ನಾಗಿ ಬಳಸಿದರು. ಆದರೆ ಅದರ ಗುರಿ ಸ್ವಿಂಗ್ ಅಲ್ಲ. ಪಿಚ್‌ಗೆ ಬಿದ್ದ ಮೇಲೆ ಯಾವ ಕಡೆ ಹೋಗುತ್ತದೆ ಅಂತ ಯಾರಿಗೂ ಗೊತ್ತಾಗಬಾರದು, ಅಷ್ಟೇ.

ಲೇಟ್ ಸ್ವಿಂಗ್ ನಿಜಾನಾ? ಚೆಂಡು ಕೊನೆಗೆ ಮಾತ್ರ ಬಾಗೋಕೆ ಹೇಗೆ ಸಾಧ್ಯ?

ಬ್ಯಾಟರ್‌ಗೆ ಹಾಗೆ ಕಾಣುವುದು ನಿಜ. ಹಾಗಂತ ಗಾಳಿ ಕೊನೆಯಲ್ಲಿ ಹೊಸದೇನೂ ಮಾಡಬೇಕಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ.

ಗಂಟೆಗೆ 120 ಕಿ.ಮೀ. ವೇಗದ ಚೆಂಡು ಅಂತಿರಲಿ. ಬಿಟ್ಟ ಜಾಗದಿಂದ ಬ್ಯಾಟರ್‌ವರೆಗೆ ಸುಮಾರು 18 ಮೀಟರ್. ಗಾಳಿಯ ತಡೆಯಿಂದ ವೇಗ ಸ್ವಲ್ಪ ಇಳಿಯುತ್ತದೆ, ಹಾಗಾಗಿ ತಲುಪೋಕೆ 0.56 ಸೆಕೆಂಡ್ ಬೇಕು ಅನ್ನೋಣ. ಒಳ್ಳೆಯ ಸ್ವಿಂಗ್‌ನಲ್ಲಿ ಚೆಂಡನ್ನು ಪಕ್ಕಕ್ಕೆ ತಳ್ಳುವ ಬಲ ಅದರ ತೂಕದ ಹತ್ತರಲ್ಲಿ ಮೂರು ಪಾಲು ಇರಬಹುದು. ಅಂದರೆ ಪಕ್ಕಕ್ಕೆ ವೇಗ ಹೆಚ್ಚುವ ದರ ಸುಮಾರು 3 ಮೀ/ಸೆ². ಪಿಚ್‌ಗೆ ಬಿದ್ದು ಏಳುವುದನ್ನು ಸದ್ಯಕ್ಕೆ ಮರೆಯೋಣ. ಪಕ್ಕಕ್ಕೆ ಸರಿದ ದೂರ ಇಷ್ಟು:

```
ಸರಿದ ದೂರ = ½ × 3 × ಸಮಯ × ಸಮಯ

0.28 ಸೆಕೆಂಡ್‌ಗೆ : 12 ಸೆಂ.ಮೀ.
0.36 ಸೆಕೆಂಡ್‌ಗೆ : 19 ಸೆಂ.ಮೀ.
0.56 ಸೆಕೆಂಡ್‌ಗೆ : 47 ಸೆಂ.ಮೀ.
```

ಅರ್ಧ ಸಮಯ ಕಳೆದರೂ ಚೆಂಡು ಸರಿದದ್ದು ಕಾಲು ಭಾಗ ಮಾತ್ರ. ಉಳಿದ 35 ಸೆಂ.ಮೀ. ಎರಡನೇ ಅರ್ಧದಲ್ಲಿ. ಇನ್ನೂ ಮುಖ್ಯವಾದದ್ದು ಕೊನೆಯ 0.2 ಸೆಕೆಂಡ್. ಕಂಡದ್ದಕ್ಕೆ ತಕ್ಕಂತೆ ಕೈ ಬದಲಿಸೋಕೆ ಮನುಷ್ಯನಿಗೆ ಹೆಚ್ಚುಕಡಿಮೆ ಅಷ್ಟು ಹೊತ್ತು ಬೇಕೇ ಬೇಕು. ಆ ಕೊನೆಯ ಹೊತ್ತಿನಲ್ಲಿ ಚೆಂಡು 28 ಸೆಂ.ಮೀ. ಸರಿಯುತ್ತದೆ. ಬ್ಯಾಟಿನ ಅಗಲ ಜಾಸ್ತಿ ಅಂದರೆ 10.8 ಸೆಂ.ಮೀ. ಬ್ಯಾಟರ್ ಚೆಂಡಿನ ಸಾಲನ್ನು ಅಂದಾಜು ಮಾಡಿ ಬ್ಯಾಟ್ ಇಳಿಸಿದ ಮೇಲೆ ಎರಡೂವರೆ ಬ್ಯಾಟಿನಷ್ಟು ದೂರ ಸರಿದರೆ ಅದು ಕೊನೆಗೆ ಬಾಗಿತು ಅಂತಲೇ ಅನಿಸುತ್ತದೆ.

ಚೆಂಡನ್ನು ಮುಂದಕ್ಕೆ, ಬ್ಯಾಟರ್‌ನ ಹತ್ತಿರ ಪಿಚ್ ಮಾಡಬೇಕು ಅನ್ನುವುದೂ ಇದರಿಂದಲೇ. ಶಾರ್ಟ್ ಹಾಕಿದರೆ ಸರಿಯುವ ದೂರದ ದೊಡ್ಡ ಪಾಲು ಸಿಗುವ ಮೊದಲೇ ಚೆಂಡು ನೆಲಕ್ಕೆ ಬಡಿದಿರುತ್ತದೆ.

ಎಷ್ಟು ವೇಗ ಇದ್ದರೆ ಒಳ್ಳೆಯದು? ಜೋರಾಗಿ ಹಾಕಿದಷ್ಟೂ ಸ್ವಿಂಗ್ ಜಾಸ್ತಿ ಅಲ್ವಾ?

ಒಂದು ಮಟ್ಟದವರೆಗೆ ಮಾತ್ರ. ಹೊಸ ಚೆಂಡಿಗೆ ಗಂಟೆಗೆ ಸುಮಾರು 110ರಿಂದ 130 ಕಿ.ಮೀ. ಹಿತವಾದ ವೇಗ. ಅದರ ಮೇಲೆ ಹೋಗುತ್ತಾ ಹೊಳಪಿನ ಪಕ್ಕದಲ್ಲೂ ಗಾಳಿ ತಾನಾಗಿ ಕದಡೋಕೆ ಶುರುವಾಗುತ್ತದೆ, ಎರಡು ಪಕ್ಕದ ವ್ಯತ್ಯಾಸ ಕರಗುತ್ತದೆ. ಪ್ರವೀಣ್ ಕುಮಾರ್ ಅವರಂಥ ಬೌಲರ್‌ಗಳು ದೊಡ್ಡ ವೇಗವಿಲ್ಲದೆಯೇ ಚೆಂಡನ್ನು ಎರಡೂ ಕಡೆ ಅಷ್ಟು ಬಾಗಿಸಿದ್ದು ಸುಮ್ನೆ ಅಲ್ಲ. ನನ್ನ ಕೇಳಿದರೆ, ಸ್ವಿಂಗ್ ಕಲಿಯುವವರು ಮೊದಲ ವರ್ಷ ವೇಗದ ಸುದ್ದಿಗೇ ಹೋಗಬಾರದು.

ಮೋಡ ಕವಿದರೆ ಸ್ವಿಂಗ್ ಜಾಸ್ತಿ ಅಂತಾರೆ. ತೇವದ ಗಾಳಿ ಭಾರ ಅಂತನಾ?

ಆ ವಿವರಣೆ ತಪ್ಪು. ತೇವದ ಗಾಳಿ ಅದೇ ಬಿಸಿಯ ಒಣಗಾಳಿಗಿಂತ ಒಂಚೂರು ಹಗುರ. ನೀರಿನ ಆವಿ ಗಾಳಿಗಿಂತ ಹಗುರವಾದದ್ದೇ ಕಾರಣ. ತೇವಕ್ಕೆ ಸೀಮ್ ಉಬ್ಬುತ್ತದೆ ಅನ್ನುವ ಮಾತನ್ನೂ ಪ್ರಯೋಗಗಳು ಒಪ್ಪಿಲ್ಲ. ಮೇಲಿಂದ ಈಗಿನ ಚೆಂಡುಗಳಿಗೆ ಮೆರುಗಿನ ಲೇಪ ಇರುತ್ತದೆ, ಒಂದು ಸಂಜೆಯಲ್ಲಿ ನೀರು ಕುಡಿಯುವಂಥದ್ದಲ್ಲ.

ಹೆಚ್ಚು ಒಪ್ಪುವಂಥ ವಿವರಣೆ ಇನ್ನೊಂದಿದೆ. ಬಿಸಿಲಿಗೆ ನೆಲ ಕಾದರೆ ಬಿಸಿಗಾಳಿ ಮೇಲೇಳುತ್ತದೆ, ಪಿಚ್ ಮೇಲಿನ ಗಾಳಿಯೇ ಕಲಕಿರುತ್ತದೆ. ಅಂಥ ಗಾಳಿಯಲ್ಲಿ ಹೊಳಪಿನ ಪಕ್ಕದ ನಯವಾದ ಹರಿವು ಬೇಗ ಕೆಡಬಹುದು. ಮೋಡ ಇದ್ದಾಗ ಗಾಳಿ ತಣ್ಣಗೆ ಸುಮ್ನೆ ಇರುತ್ತದೆ. ಇದು ಗಟ್ಟಿಯಾಗಿ ಸಾಬೀತಾಗಿದೆ ಅಂತ ಯಾರೂ ಹೇಳುವ ಹಾಗಿಲ್ಲ, ಆದರೆ ಭಾರದ ಗಾಳಿಯ ಕಥೆಗಿಂತ ವಾಸಿ. ಬೌಲರ್‌ಗಳು ಮೋಡ ನೋಡಿ ಖುಷಿಯಾಗಿ ಚೆಂಡನ್ನು ಮುಂದೆ ಹಾಕುತ್ತಾರೆ, ಅದೂ ಒಂದು ಕಾರಣ ಇರಬಹುದು.

ಹೊಳಪು ಉಳಿಸಿಕೊಳ್ಳುವುದು ಹೇಗೆ? ಏನು ಹಚ್ಚಬಹುದು, ಏನು ಹಚ್ಚಬಾರದು?

ಮೊದಲ ಒಂದೆರಡು ಓವರ್ ಆದ ಮೇಲೆ ಚೆಂಡು ನೋಡಿ, ಯಾವ ಪಕ್ಕಕ್ಕೆ ಪೆಟ್ಟು ಕಡಿಮೆ ಬಿದ್ದಿದೆಯೋ ಅದನ್ನು ಆರಿಸಿಕೊಳ್ಳುತ್ತಾರೆ. ಒಮ್ಮೆ ಆರಿಸಿದ ಮೇಲೆ ಬದಲಿಸಬಾರದು. ಹನ್ನೊಂದು ಜನಕ್ಕೂ ಅದು ಗೊತ್ತಿರಬೇಕು, ಯಾಕೆಂದರೆ ಒಬ್ಬರು ಅಭ್ಯಾಸಬಲದಿಂದ ಇನ್ನೊಂದು ಪಕ್ಕ ಉಜ್ಜಿದರೂ ಕೆಲಸ ಕೆಟ್ಟ ಹಾಗೆ. ಬಟ್ಟೆಗೆ ಒಂದೇ ಜಾಗದಲ್ಲಿ, ಒಣಗಿರುವ ಕಡೆ, ಪ್ರತಿ ಎಸೆತದ ನಡುವೆ ಉಜ್ಜುತ್ತಿರಬೇಕು. ಬೆವರು ಹಚ್ಚಿದರೆ ಒಂದು ಹನಿ ಸಾಕು, ಅದೂ ಹೊಳಪಿನ ಪಕ್ಕಕ್ಕೆ ಮಾತ್ರ. ಒರಟು ಪಕ್ಕ ಒಣಗಿರಬೇಕು. ಬೆವರಿದ ಅಂಗೈಯವರು ಚೆಂಡನ್ನು ಬೆರಳ ತುದಿಯಲ್ಲಿ ಹಿಡಿದು ದಾಟಿಸುವುದು ಇದಕ್ಕೇ.

ನಿಯಮದ ಪ್ರಕಾರ ಹೊರಗಿನ ಯಾವ ವಸ್ತುವನ್ನೂ ಬಳಸದೆ ಉಜ್ಜಬಹುದು. ಉಗುರಿನಿಂದ ಕೆರೆಯುವುದು, ಸೀಮ್ ಎತ್ತುವುದು, ಬೇಕಂತ ನೆಲಕ್ಕೆ ತಿಕ್ಕುವುದು ತಪ್ಪು. ಸಿಕ್ಕಿಬಿದ್ದರೆ ದಂಡವಾಗಿ ಎದುರಾಳಿಗೆ 5 ರನ್ ಸಿಗುತ್ತದೆ, ಚೆಂಡೂ ಬದಲಾಗಬಹುದು. ಎಂಜಲಿನ ವಿಷಯಕ್ಕೆ ಬಂದರೆ, ಕೊರೊನಾ ಕಾಲದಲ್ಲಿ, 2020ರಲ್ಲಿ ಐಸಿಸಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. 2022ರಲ್ಲಿ ಆ ನಿಷೇಧ ಕಾಯಂ ಆಯಿತು. 2025ರ ಐಪಿಎಲ್‌ನಲ್ಲಿ ಮಾತ್ರ ಮತ್ತೆ ಅವಕಾಶ ಕೊಟ್ಟರು. ನೀವು ಆಡುವ ಪಂದ್ಯಾವಳಿಯ ನಿಯಮ ಕೇಳಿಕೊಂಡು ಮುಂದುವರಿಯಿರಿ.

ಚೆಂಡಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಇಂಗ್ಲೆಂಡ್‌ನ ಡ್ಯೂಕ್ಸ್ ಚೆಂಡಿನ ಸೀಮ್ ಪೂರ್ತಿ ಕೈಹೊಲಿಗೆ, ಉಬ್ಬು ಹೆಚ್ಚು, ತುಂಬಾ ಓವರ್ ಉಳಿಯುತ್ತದೆ. ಕೂಕಬುರ‍್ರಾದ ಸೀಮ್ ಬೇಗ ಚಪ್ಪಟೆಯಾಗುತ್ತದೆ, ಹಾಗಾಗಿ ಅದರ ಸ್ವಿಂಗ್ ಮೊದಲ ಕೆಲವು ಓವರ್‌ಗಳಲ್ಲೇ ಮುಗಿಯುತ್ತದೆ.

ಒಂದೇ ಆ್ಯಕ್ಷನ್‌ನಲ್ಲಿ ಎರಡೂ ಕಡೆ ಹಾಕಬಹುದಾ?

ಹಾಕಬಹುದು, ಹಾಕಿದವರಿದ್ದಾರೆ. ಆಸ್ಟ್ರೇಲಿಯದ ಬಾಬ್ ಮ್ಯಾಸಿ 1972ರಲ್ಲಿ ಲಾರ್ಡ್ಸ್‌ನಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದಾಗ ಎರಡೂ ಕಡೆ ಬಾಗಿಸಿ 137 ರನ್‌ಗೆ 16 ವಿಕೆಟ್ ತೆಗೆದರು. ಆದರೆ ಮೊದಲು ಒಂದನ್ನು ಪೂರ್ತಿ ಹಿಡಿತಕ್ಕೆ ತಂದುಕೊಳ್ಳಿ. ಎರಡನ್ನೂ ಒಟ್ಟಿಗೆ ಕಲಿಯಹೊರಟರೆ ಮಣಿಕಟ್ಟು ಎರಡರ ನಡುವೆ ಸಿಕ್ಕಿಕೊಂಡು ಸೀಮ್ ಎಲ್ಲೂ ನಿಲ್ಲುವುದಿಲ್ಲ.

ರಿವರ್ಸ್ ಸ್ವಿಂಗ್ ಇದಕ್ಕೆ ವಿರುದ್ಧವಾ?

ಹೌದು, ಚೆಂಡು ಸೀಮ್ ನೋಡುವ ಕಡೆಗೆ ಹೋಗದೆ ಎದುರು ಕಡೆಗೆ ಹೋಗುತ್ತದೆ. ವೇಗ ತುಂಬಾ ಇದ್ದು, ಅಥವಾ ಚೆಂಡು ಚೆನ್ನಾಗಿ ಸವೆದು, ಗಾಳಿ ಎರಡೂ ಪಕ್ಕದಲ್ಲಿ ಮೊದಲೇ ಕದಡಿಹೋಗಿರುತ್ತದೆ. ಆಗ ಸೀಮ್‌ನ ಉಬ್ಬು ಆಗಲೇ ಕದಡಿದ ಪದರವನ್ನು ಇನ್ನೂ ದಪ್ಪ ಮಾಡಿ ದುರ್ಬಲಗೊಳಿಸುತ್ತದೆ. ಸೀಮ್ ಇರುವ ಪಕ್ಕದಲ್ಲೇ ಗಾಳಿ ಬೇಗ ಕಳಚಿ, ಬಲ ತಿರುಗುಮುರುಗು ಆಗುತ್ತದೆ. ಇದನ್ನು ಮೊದಲು ಕಂಡುಕೊಂಡವರು ಅಂತ ಪಾಕಿಸ್ತಾನದ ಸರ್ಫರಾಜ್ ನವಾಜ್ ಅವರ ಹೆಸರು ಹೇಳುತ್ತಾರೆ. ಆಮೇಲೆ ವಾಸಿಂ ಅಕ್ರಂ, ವಕಾರ್ ಯೂನಿಸ್ ಅದನ್ನು ಎಲ್ಲಿಗೆ ಒಯ್ದರು ಅನ್ನೋದು ಎಲ್ಲರಿಗೂ ಗೊತ್ತು. ಹೊಸ ಚೆಂಡಿನ ಸ್ವಿಂಗ್ ಇನ್ನೂ ಕೈಗೆ ಹತ್ತದವರು ಸದ್ಯಕ್ಕೆ ಇದನ್ನು ಬದಿಗಿಡುವುದು ವಾಸಿ.

ಎಲ್ಲ ಸರಿಯಾಗೇ ಮಾಡ್ತಿದ್ದೀನಿ, ಆದರೂ ಸ್ವಿಂಗ್ ಆಗ್ತಿಲ್ಲ. ಎಲ್ಲಿ ನೋಡಲಿ?

ಹೊಳಪಿನಿಂದ ಶುರು ಮಾಡಬೇಡಿ, ಸೀಮ್‌ನಿಂದ ಶುರು ಮಾಡಿ. ಬಣ್ಣದ ಚೆಂಡಿನ ಪರೀಕ್ಷೆಯಲ್ಲಿ ಗೆರೆ ಮಸುಕಾಗಿದ್ದರೆ ಉಳಿದದ್ದು ಯಾವುದೂ ಮುಖ್ಯವಲ್ಲ, ಬೆರಳು ಮತ್ತು ಮಣಿಕಟ್ಟು ಸರಿಪಡಿಸಿ.

ಗೆರೆ ಸ್ಪಷ್ಟವಾಗಿದೆ, ಆದರೂ ಚೆಂಡು ನೇರ ಹೋಗುತ್ತಿದೆ ಅಂದರೆ ಸೀಮ್ ವಾಲಿದೆಯೋ ಇಲ್ಲವೋ ನೋಡಿ. ಬಹಳ ಜನ ಓಟ ಶುರು ಮಾಡುವಾಗ ವಾಲಿಸಿ ಹಿಡಿದಿರುತ್ತಾರೆ, ಬಿಡುವಾಗ ಅದು ನೇರವಾಗಿಬಿಟ್ಟಿರುತ್ತದೆ. ವಿಡಿಯೋದಲ್ಲಿ ಮಾತ್ರ ಇದು ಗೊತ್ತಾಗುತ್ತದೆ.

ವಾಲಿಯೂ ಇದೆ ಅಂದರೆ ವೇಗ ಸ್ವಲ್ಪ ಇಳಿಸಿ, ಚೆಂಡನ್ನು ಒಂದು ಮೀಟರ್ ಮುಂದೆ ಪಿಚ್ ಮಾಡಿ. ಸ್ವಿಂಗ್ ಇದ್ದೂ ಕಾಣದೆ ಹೋಗುವುದು ಸಾಮಾನ್ಯವಾಗಿ ಶಾರ್ಟ್ ಹಾಕುವುದರಿಂದ.

ಅಷ್ಟಾದರೂ ಆಗದಿದ್ದರೆ ಕೊನೆಗೆ ಚೆಂಡನ್ನು ನೋಡಿ. ಹೊಳಪಿನ ಪಕ್ಕದ ಮೇಲೆ ಬೆರಳು ಸವರಿದಾಗ ಗೀರು ಕೈಗೆ ಸಿಗುತ್ತಿದ್ದರೆ, ಸೀಮ್ ಮೇಲೆ ಉಗುರಾಡಿಸಿದಾಗ ಉಬ್ಬೇ ಗೊತ್ತಾಗದಿದ್ದರೆ, ತಪ್ಪು ನಿಮ್ಮದಲ್ಲ. ಬೇರೆ ಚೆಂಡು ತನ್ನಿ.